ಒಬ್ಬರೇ ಹೇಳಿದ ಹದೀಸ್: ನಮಾಜ್‌ಗೆ ಸಾಕು, ಈಮಾನ್‌ಗೆ?

ಮಂಗಳೂರು ಕಡೆಯ ಬ್ಯಾರಿ ಹುಡುಗನೊಬ್ಬ ಓದಲಿಕ್ಕೆ ಮೈಸೂರಿಗೆ ಬಂದು ಉದಯಗಿರಿಯಲ್ಲಿ ರೂಮು ಮಾಡಿದ್ದಾನೆ ಅಂದುಕೊಳ್ಳಿ. ರೂಮ್‌ಮೇಟ್ ಇಲ್ಲಿಯವನೇ. ಇಬ್ಬರೂ ಒಂಟಿಯಾಗಿ ನಮಾಜ್ ಮಾಡುವಾಗ ಮೊದಲ ರಕಅತ್‌ನಲ್ಲಿ ಫಾತಿಹಾ ಓದಲು ಮರೆತು ಬೇರೆ ಸೂರಾ ಓದಿಬಿಡುತ್ತಾರೆ. ಮೈಸೂರಿನವನು ಕೊನೆಯಲ್ಲಿ ಮರೆವಿನ ಸಜ್ದಾ ಮಾಡಿದರೆ ಆಯ್ತು, ನಮಾಜ್ ಆದಂತೆ. ಮಂಗಳೂರಿನವನಿಗೆ ಆ ರಕಅತ್ ಲೆಕ್ಕಕ್ಕೇ ಇಲ್ಲ, ಇನ್ನೊಂದು ಮಾಡಬೇಕು. ಯಾಕೆಂದರೆ ಇಲ್ಲಿ ಹೆಚ್ಚಿನವರು ಹನಫಿಗಳು, ಕರಾವಳಿಯಲ್ಲಿ ಶಾಫಿಗಳು.

ಇಬ್ಬರೂ ಒಪ್ಪುವ ಹದೀಸ್ ಒಂದೇ: ಫಾತಿಹಾ ಓದದವನಿಗೆ ನಮಾಜ್ ಇಲ್ಲ. ಜಗಳ ಇರುವುದು ಅದಕ್ಕೆ ಎಷ್ಟು ತೂಕ ಅನ್ನುವುದರಲ್ಲಿ. 'ನಿಮಗೆ ಸುಲಭವಾದಷ್ಟು ಓದಿ' ಎಂದು ಕುರ್‌ಆನ್ ಹೇಳುತ್ತದೆ. ಕುರ್‌ಆನ್ ತಲೆಮಾರಿನಿಂದ ತಲೆಮಾರಿಗೆ ಬಂದದ್ದು ದೊಡ್ಡ ಗುಂಪಿನ ಮೂಲಕ. ಅಷ್ಟೂ ಜನ ಸೇರಿಕೊಂಡು ಸುಳ್ಳು ಹೇಳಲು ಸಾಧ್ಯವೇ ಇಲ್ಲ. ಇಂಥ ವರದಿಗೆ ಮುತವಾತಿರ್ ಎನ್ನುತ್ತಾರೆ. ಆ ಮಟ್ಟ ಮುಟ್ಟದ್ದೆಲ್ಲ ಆಹಾದ್, ಅಂದರೆ ಒಬ್ಬರೋ ಕೆಲವರೋ ಹೇಳಿ ಬಂದದ್ದು. ಹನಫಿಗಳ ಪ್ರಕಾರ ಖಚಿತವಾದದ್ದರಿಂದ ಫರ್ಜ್ ಹುಟ್ಟುತ್ತದೆ. ಆಹಾದ್‌ನಿಂದ ಒಂದು ಮೆಟ್ಟಿಲು ಕೆಳಗಿನ ವಾಜಿಬ್ ಮಾತ್ರ. ಫಾತಿಹಾದ ಹದೀಸನ್ನು ಅವರು ಆಹಾದ್ ಎಂದೇ ಎಣಿಸುತ್ತಾರೆ, ಆ ಸಜ್ದಾದ ರಿಯಾಯಿತಿ ಬಂದದ್ದು ಈ ಮೆಟ್ಟಿಲಿನಿಂದ.

ಆಹಾದ್ ಅಂದರೆ ದುರ್ಬಲ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಬುಖಾರಿಯ ಮೊದಲ ಹದೀಸೇ ನೋಡಿ: 'ಕರ್ಮಗಳು ನಿಯ್ಯತ್ತಿನ ಮೇಲೆ ನಿಂತಿವೆ.' ನಂಬಿಕಸ್ಥ ದಾರಿಯಲ್ಲಿ ಇದನ್ನು ಪ್ರವಾದಿಯವರಿಂದ ಕೇಳಿ ಹೇಳಿದವರು ಉಮರ್ ಒಬ್ಬರೇ. ಅವರಿಂದ ಅಲ್ಕಮಾ, ಅವರಿಂದ ಮುಹಮ್ಮದ್ ಬಿನ್ ಇಬ್ರಾಹೀಂ, ಅವರಿಂದ ಯಹ್ಯಾ ಬಿನ್ ಸಈದ್. ಅಲ್ಲಿಂದ ಮುಂದೆ ಕೇಳಿದವರು ಲೆಕ್ಕವಿಲ್ಲದಷ್ಟು. ಆದರೆ ಯಾವ ಕೊಂಡಿಯಲ್ಲಿ ಜನ ಅತಿ ಕಡಿಮೆಯೋ ಅದರ ಮೇಲೇ ಲೆಕ್ಕ. ಹಾಗಾಗಿ ಇದು ಆಹಾದ್. ಆದರೂ ಇದು ಸಹೀಹ್ ಎನ್ನುವುದರಲ್ಲಿ ತಕರಾರಿಲ್ಲ.

ಅದೇ ಉಮರ್ ಒಮ್ಮೆ ಒಬ್ಬರ ಮಾತನ್ನು ಒಪ್ಪಲಿಲ್ಲ. ಅಬೂ ಮೂಸಾ ಎಂಬ ಸಹಾಬಿ ಉಮರ್ ಮನೆ ಬಾಗಿಲಲ್ಲಿ ಮೂರು ಸಲ ಅನುಮತಿ ಕೇಳಿ, ಉತ್ತರ ಬಾರದೆ ಹಿಂದಿರುಗಿದ್ದರು. ಯಾಕೆ ಹೋದಿರಿ ಎಂದು ಕೇಳಿದಾಗ, ಮೂರು ಸಲ ಕೇಳಿ ಹಿಂದಿರುಗಿ ಎಂದು ಪ್ರವಾದಿ ಹೇಳಿದ್ದಾರೆ ಎಂದರು. ಸಾಕ್ಷಿ ತನ್ನಿ ಎಂದರು ಉಮರ್. ಅಬೂ ಸಈದ್ ಬಂದು ಸಾಕ್ಷಿ ಹೇಳಿದರು. ಆಹಾದ್ ಬೇಡ ಎನ್ನುವವರಿಗೆ ಇದು ಮೆಚ್ಚಿನ ಕತೆ. ಆದರೆ ಇಬ್ಬರಾದರೂ ಅದು ಆಹಾದೇ ಅಲ್ವಾ? ಉಮರ್ ಕೇಳಿದ್ದು ಇನ್ನಷ್ಟು ಭರವಸೆ, ಗುಂಪನ್ನಲ್ಲ.

ಆಹಾದ್ ಪರವಾಗಿ ಗಟ್ಟಿಯಾಗಿ ವಾದಿಸಿದವರು ಇಮಾಮ್ ಶಾಫಿ (ಮರಣ 820). ಅವರು ಕೊಟ್ಟ ಉದಾಹರಣೆ ಕುಬಾ ಊರಿನದು. ಅಲ್ಲಿನವರು ಜೆರುಸಲೇಂ ಕಡೆ ಮುಖ ಮಾಡಿ ಬೆಳಗಿನ ನಮಾಜ್‌ನಲ್ಲಿದ್ದರು. ಒಬ್ಬ ಬಂದು, ಕಾಬಾ ಕಡೆ ತಿರುಗಲು ಆಜ್ಞೆ ಬಂದಿದೆ ಎಂದ. ನಿಂತಲ್ಲೇ ತಿರುಗಿದರು. ಖಚಿತವಾಗಿ ಗೊತ್ತಿದ್ದ ದಿಕ್ಕನ್ನು ಒಬ್ಬನ ಮಾತಿಗೆ ಬಿಟ್ಟರಲ್ಲ! ಎದುರಿನವರು ಹೇಳುವುದು: ಪ್ರವಾದಿ ಪಕ್ಕದಲ್ಲೇ ಬದುಕಿದ್ದರು, ಸುಳ್ಳಾದರೆ ಅಂದೇ ಬಯಲಾಗುತ್ತಿತ್ತು. ಅಂದರೆ ಸುತ್ತಲಿನ ಸನ್ನಿವೇಶವೇ ಆ ಮಾತಿಗೆ ಬಲ ಕೊಟ್ಟಿತು. ನನಗೆ ಈ ಉತ್ತರ ಅರ್ಧ ಮಾತ್ರ ಸರಿ ಅನಿಸುತ್ತದೆ. ತಿರುಗುವ ಮುಂಚೆ ಯಾರೂ ಹೋಗಿ ವಿಚಾರಿಸಲಿಲ್ಲ. ಆದರೆ ಶಾಫಿಯವರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಿಲ್ಲ. ಕುರ್‌ಆನ್ ಪಠ್ಯವನ್ನೇ ಶಂಕಿಸಿದವನು ತೌಬಾ ಮಾಡಬೇಕು. ಒಬ್ಬರ ವರದಿಯನ್ನು ಶಂಕಿಸಿದವನಿಗೆ ತೌಬಾ ಮಾಡು ಎನ್ನುವುದಿಲ್ಲ, ನೀನು ಹಾಗೆ ಶಂಕಿಸಬಾರದು ಎಂದಷ್ಟೇ ಹೇಳುತ್ತೇವೆ ಎಂದರು.

ಮುಂದಿನ ಜಗಳವೆಲ್ಲ ಈ ಸಂದಿನಲ್ಲೇ ಬೆಳೆಯಿತು. ನಂಬಿಕಸ್ಥ ಒಬ್ಬನ ವರದಿಯಿಂದಲೂ ಖಚಿತ ಜ್ಞಾನ ಸಿಗುತ್ತದೆ ಎಂದವರು ಸ್ಪೇನಿನ ಇಬ್ನ್ ಹಜ್ಮ್. ಬುಖಾರಿ, ಮುಸ್ಲಿಂ ಇಬ್ಬರೂ ತೆಗೆದುಕೊಂಡದ್ದನ್ನು ಇಡೀ ಸಮುದಾಯ ಒಪ್ಪಿದೆ, ಹಾಗಾಗಿ ಅದು ಖಚಿತ ಎಂದರು ಇಬ್ನುಸ್ಸಲಾಹ್. ಅದೇ ಹದಿಮೂರನೇ ಶತಮಾನದ ನವವಿ ಒಪ್ಪಲಿಲ್ಲ: ಅದರಂತೆ ನಡೆಯಲೇಬೇಕು, ಆದರೆ ಸಿಗುವುದು ಬಲವಾದ ಊಹೆ ಮಾತ್ರ.

ಇಪ್ಪತ್ತನೇ ಶತಮಾನದಲ್ಲಿ ಇದು ಅಕೀದಾಕ್ಕೆ ಬಂದು ನಿಂತಿತು. ತಶಹ್ಹುದ್ ಆದ ಮೇಲೆ ಗೋರಿಯ ಶಿಕ್ಷೆಯಿಂದ ಕಾಪಾಡು ಎಂದು ಬೇಡುವ ದುಆ ಇದೆ. ಆ ಶಿಕ್ಷೆಯ ಹದೀಸ್‌ಗಳನ್ನು ಆಹಾದ್ ಎಂದು ಎಣಿಸಿದರೆ ಪ್ರಶ್ನೆ ಏಳುತ್ತದೆ. ಆಹಾದ್ ಮೇಲೆ ಅಕೀದಾ ಕಟ್ಟಬಾರದು ಎಂದವರು ಹಿಜ್ಬುತ್ತಹ್ರೀರ್ ಪಕ್ಷ ಕಟ್ಟಿದ ತಕಿಯುದ್ದೀನ್ ನಬ್‌ಹಾನಿ. ಹದೀಸ್ ವಿದ್ವಾಂಸ ಅಲ್ಬಾನಿಯವರ ಕಡೆಯವರು ತಿರುಗಿ ಕೇಳಿದರು: ದುಆ ಮಾಡುವುದು ನಡೆ, ಹಾಗಾಗಿ ಮಾಡುತ್ತೀರಿ. ಆದರೆ ಇದೆ ಎಂದು ನಂಬದ ಶಿಕ್ಷೆಯಿಂದ ಕಾಪಾಡು ಎನ್ನುವುದು ಹೇಗೆ? ಅದಕ್ಕೆ ಉತ್ತರವೂ ಇತ್ತು: ನಾವು ಅದನ್ನು ನಿರಾಕರಿಸುತ್ತಿಲ್ಲ, ನಿಜ ಎಂದೇ ಒಪ್ಪುತ್ತೇವೆ. ಆದರೆ ಒಪ್ಪದವನನ್ನು ಈಮಾನಿನಿಂದ ಹೊರಗಿಡುವಷ್ಟು ಖಚಿತ ಎನ್ನುವುದಿಲ್ಲ. ಮೂರನೆಯ ಗುಂಪೊಂದು ಈ ವಾದಕ್ಕೇ ಇಳಿಯಲಿಲ್ಲ. ಗೋರಿಯ ಶಿಕ್ಷೆಯ ಬಗ್ಗೆ ಬೇರೆ ಬೇರೆ ಸಹಾಬಿಗಳಿಂದ ಇಷ್ಟೊಂದು ಹದೀಸ್ ಬಂದಿರುವಾಗ, ಮಾತು ಬೇರೆ ಬೇರೆಯಾದರೂ ಅರ್ಥದಲ್ಲಿ ಅದು ಮುತವಾತಿರೇ ಎಂದರು.