‘ಹೈ ಪ್ರೋಟೀನ್’ ಬಾರ್‌ನಲ್ಲಿ ನಿಜಕ್ಕೂ ಎಷ್ಟು ಪ್ರೋಟೀನ್ ಇದೆ?

ಪ್ರಶ್ನೆ: ಸಂಜೆ ವ್ಯಾಯಾಮದ ನಂತರ ಒಂದು ಪ್ರೋಟೀನ್ ಬಾರ್ ತಿನ್ನುತ್ತೇನೆ. ಪೊಟ್ಟಣದ ಮುಂದೆ ‘ಹೈ ಪ್ರೋಟೀನ್, ವೇ ಪ್ರೋಟೀನ್‌ಯುಕ್ತ’ ಎಂದು ಬರೆದಿದೆ. ಇದನ್ನು ನಂಬಬಹುದೇ?

ಉತ್ತರ: ಬರೆದಿರುವುದು ಸುಳ್ಳಲ್ಲದಿರಬಹುದು, ಆದರೆ ನೀವು ಅಂದುಕೊಂಡ ಅರ್ಥ ಅದಕ್ಕಿಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ, ಘನ ಆಹಾರದ 100 ಗ್ರಾಂನಲ್ಲಿ ದಿನದ ಅಗತ್ಯದ ಶೇ 20ರಷ್ಟು ಪ್ರೋಟೀನ್ ಇದ್ದರೆ ‘ಹೈ ಪ್ರೋಟೀನ್’ ಎನ್ನಬಹುದು. ದಿನಕ್ಕೆ 54 ಗ್ರಾಂ ಎಂದು ಹಿಡಿದರೆ ಸುಮಾರು 11 ಗ್ರಾಂ ಸಾಕು. ಲೆಕ್ಕವೆಲ್ಲ 100 ಗ್ರಾಂಗೆ. ನಿಮ್ಮ ಕೈಯಲ್ಲಿರುವ ಬಾರ್ ಅಷ್ಟು ತೂಗುವುದೇ ಇಲ್ಲ.

ಹಾಗಾಗಿ ಮೊದಲು ನಿವ್ವಳ ತೂಕ ನೋಡಿ. ಬಾರ್ 40 ಗ್ರಾಂ, ಹಿಂಬದಿಯ ಕೋಷ್ಟಕದಲ್ಲಿ 100 ಗ್ರಾಂಗೆ 12 ಗ್ರಾಂ ಪ್ರೋಟೀನ್, 420 ಕಿಲೊಕ್ಯಾಲರಿ ಎಂದಿದೆ ಎನ್ನೋಣ. 12ನ್ನು 40ರಿಂದ ಗುಣಿಸಿ 100ರಿಂದ ಭಾಗಿಸಿದರೆ 4.8 ಗ್ರಾಂ. ಒಂದು ಬೇಯಿಸಿದ ಮೊಟ್ಟೆಯಲ್ಲಿ ಇದಕ್ಕಿಂತ ಹೆಚ್ಚು, ಸುಮಾರು 6 ಗ್ರಾಂ ಇರುತ್ತದೆ. ಬಾರ್‌ನ 168 ಕಿಲೊಕ್ಯಾಲರಿಯಲ್ಲಿ ಪ್ರೋಟೀನಿನ ಪಾಲು ಬರೀ 19. ಮಿಕ್ಕದ್ದು ಸಕ್ಕರೆ, ಪಿಷ್ಟ ಮತ್ತು ಕೊಬ್ಬಿನಿಂದ ಬಂದದ್ದು. ವ್ಯಾಯಾಮದ ನಂತರ ಪ್ರೋಟೀನಿಗೆಂದೇ ಕೊಳ್ಳುವವರಿಗೆ ಇದು ತೀರಾ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಇನ್ನು ‘ವೇ’, ಅಂದರೆ ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದ ಪ್ರೋಟೀನಿನ ವಿಚಾರ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕು. ಖರ್ಜೂರ, ಓಟ್ಸ್, ಗ್ಲೂಕೋಸ್ ಸಿರಪ್, ಶೇಂಗಾ, ಸೋಯಾ ನಗೆಟ್ಸ್ ಎಂದೆಲ್ಲ ಸಾಗಿ ಕೊನೆಗೆ ‘ವೇ ಪ್ರೋಟೀನ್ ಕಾನ್ಸಂಟ್ರೇಟ್ (3%)’ ಸಿಕ್ಕಿತು ಎಂದುಕೊಳ್ಳಿ. 40 ಗ್ರಾಂನ ಶೇ 3 ಎಂದರೆ 1.2 ಗ್ರಾಂ. ಆ ಪುಡಿ ಶೇ 80ರಷ್ಟು ಪ್ರೋಟೀನ್ ಇರುವ ಉತ್ತಮ ದರ್ಜೆಯದೇ ಆದರೂ ವೇಯಿಂದ ನಿಮಗೆ ಸಿಗುವುದು ಹೆಚ್ಚುಕಡಿಮೆ ಒಂದು ಗ್ರಾಂ. ಉಳಿದದ್ದು ಶೇಂಗಾ, ಸೋಯಾ, ಓಟ್ಸ್‌ಗಳದ್ದು. ಅದೂ ಒಳ್ಳೆಯ ಪ್ರೋಟೀನೇ, ಸೋಯಾ ಅಂತೂ ವೇಗೆ ಹತ್ತಿರ ನಿಲ್ಲುತ್ತದೆ. ಆದರೆ ನೀವು ಹೆಚ್ಚು ಬೆಲೆ ತೆತ್ತದ್ದು ವೇ ಎಂಬ ಹೆಸರಿಗೆ.

ಪಟ್ಟಿ ಓದುವಾಗ ಸಿಹಿಯ ಹೆಸರುಗಳನ್ನು ಒಟ್ಟಿಗೆ ಎಣಿಸಿ. ಖರ್ಜೂರ, ಗ್ಲೂಕೋಸ್ ಸಿರಪ್, ಬೆಲ್ಲ, ಜೇನು ಎಂದು ಬೇರೆ ಬೇರೆ ಬರೆದಾಗ ಪ್ರತಿಯೊಂದೂ ಕೆಳಗೆ ಇಳಿಯುತ್ತದೆ, ಕೂಡಿಸಿದರೆ ಅದೇ ಮೊದಲ ಸ್ಥಾನಕ್ಕೆ ಬರಬಹುದು.

ಪಟ್ಟಿಯ ಮೊದಲಲ್ಲೇ ಪ್ರೋಟೀನ್ ಇದ್ದರೂ ಯಾವುದು ಎಂದು ನೋಡಿ. ಕೆಲವು ವಿದೇಶಿ ಬಾರ್‌ಗಳಲ್ಲಿ ಕೊಲಾಜನ್ ಅಥವಾ ಜೆಲಾಟಿನ್ ಇರುತ್ತದೆ, ಎರಡೂ ಪ್ರಾಣಿಜನ್ಯ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ನೈಟ್ರೋಜನ್ ಅಳೆದು 6.25ರಿಂದ ಗುಣಿಸಿ ಪ್ರೋಟೀನ್ ಲೆಕ್ಕ ಹಾಕುತ್ತಾರೆ. ಹಾಗಾಗಿ ಕೊಲಾಜನ್ ಕೂಡ ಗ್ರಾಂ ಲೆಕ್ಕದಲ್ಲಿ ಪೂರ್ತಿ ಸೇರುತ್ತದೆ. ಆದರೆ ಅದರಲ್ಲಿ ದೇಹ ತಾನೇ ತಯಾರಿಸಿಕೊಳ್ಳಲಾಗದ ಟ್ರಿಪ್ಟೋಫಾನ್ ಎಂಬ ಅಗತ್ಯ ಅಮೈನೋ ಆಮ್ಲವೇ ಇಲ್ಲ. ಅಂಥ ಬಾರ್‌ನ 15 ಗ್ರಾಂ ಅನ್ನು ಹಾಲಿನ ಅಥವಾ ಸೋಯಾದ 15 ಗ್ರಾಂಗೆ ಸಮ ಎಂದು ಎಣಿಸಬೇಡಿ.