8 ಕೆಬಿ ಬದಲಿಸಲು 1 ಜಿಬಿ ಬರೆಯಬೇಕೆ?

ಡೇಟಾಗೆ ಬ್ಲಾಕ್, ಆಬ್ಜೆಕ್ಟ್, ಫೈಲ್ ಎಂಬ ಮೂರು ಬಗೆಯ ಸ್ಟೋರೇಜಿನಲ್ಲಿ ಒಂದನ್ನು ಆರಿಸುವಾಗ ಬಹಳಷ್ಟು ಜನ ಮೊದಲು ದರ ನೋಡುತ್ತಾರೆ. ನೋಡಬೇಕಾದ್ದು ಬೇರೆ: ಒಮ್ಮೆ ಬರೆದ ಡೇಟಾದ ನಡುವಿನ ಚೂರು ಮುಂದೆ ಬದಲಾಗುತ್ತದೆಯೇ?

ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ನೋಡಿ. ಅದು ಟೇಬಲ್ಲನ್ನು ಸಾಮಾನ್ಯವಾಗಿ 1 ಜಿಬಿ ಮೀರದ ಫೈಲುಗಳಾಗಿ ಇಡುತ್ತದೆ, ಆದರೆ ಓದಿ ಬರೆಯುವುದು 8 ಕೆಬಿಯ ಪುಟಗಳಲ್ಲಿ. ಬ್ಲಾಕ್ ಸ್ಟೋರೇಜ್ ಸರ್ವರಿಗೆ, ಬ್ಲಾಕ್ ಎಂಬ ಸಣ್ಣ ತುಂಡುಗಳಾಗಿ ಹಂಚಿದ ಖಾಲಿ ಡಿಸ್ಕಿನಂತೆ ಕಾಣುತ್ತದೆ. ಒಂದು ಪುಟ ಬದಲಾದರೆ ಆ ಜಾಗದ ಬ್ಲಾಕುಗಳಷ್ಟನ್ನೇ ಬರೆದರೆ ಸಾಕು.

ಆಬ್ಜೆಕ್ಟ್ ಸ್ಟೋರೇಜಿನಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಆಬ್ಜೆಕ್ಟಿಗೂ ಒಂದು ಹೆಸರು, ಒಳಗೆ ಡೇಟಾ. ನಡುವಿನ ಭಾಗವನ್ನು ಓದಬಹುದು, ಆದರೆ ಸಾಮಾನ್ಯವಾಗಿ ಅಲ್ಲೇ ತಿದ್ದಲಾಗದು. ಇಡೀ ಆಬ್ಜೆಕ್ಟನ್ನೇ ಬದಲಿಸಬೇಕು. 8 ಕೆಬಿಗಾಗಿ 1 ಜಿಬಿ, ಅಂದರೆ 1,31,072 ಪಟ್ಟು. ಆಬ್ಜೆಕ್ಟುಗಳನ್ನು ಇಡುವ ಬಕೆಟ್ಟನ್ನು ಫೋಲ್ಡರಿನಂತೆ ತೋರಿಸುವ ಸಾಧನಗಳಿವೆ; ಅವು ಹೊರನೋಟವನ್ನಷ್ಟೇ ಬದಲಿಸುತ್ತವೆ, ಈ ಮಿತಿಯನ್ನಲ್ಲ. ಫೋಲ್ಡರಿನ ಹೆಸರು ಬದಲಿಸಿದರೂ ಹಾಗೆಯೇ: ಒಳಗೆ 10,000 ಆಬ್ಜೆಕ್ಟುಗಳಿದ್ದರೆ ಬಹುತೇಕ ವ್ಯವಸ್ಥೆಗಳಲ್ಲಿ ಪ್ರತಿಯೊಂದನ್ನೂ ನಕಲು ಮಾಡಿ ಹಳೆಯದನ್ನು ಅಳಿಸಬೇಕಾಗುತ್ತದೆ.

ಹಾಗೆಂದು ಎಲ್ಲಕ್ಕೂ ಬ್ಲಾಕ್ ಸರಿಯಲ್ಲ. ಒಂದೇ ಬ್ಲಾಕ್ ವಾಲ್ಯೂಮನ್ನು ಎರಡು ಸರ್ವರುಗಳಿಗೆ ಜೋಡಿಸಿ ಎರಡರಲ್ಲೂ ಲಿನಕ್ಸಿನ ಸಾಮಾನ್ಯ ಫೈಲ್ ಸಿಸ್ಟಮ್ ಆದ `ext4` ಮೌಂಟ್ ಮಾಡಿದರೆ ಡೇಟಾ ಕೆಡುತ್ತದೆ. ಯಾವ ಬ್ಲಾಕ್ ಖಾಲಿ, ಯಾವುದು ತುಂಬಿದೆ ಎಂಬ ಲೆಕ್ಕವನ್ನು ಪ್ರತಿ ಸರ್ವರ್ ತನ್ನ ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ, ಇನ್ನೊಂದು ಬರೆದದ್ದು ಅದಕ್ಕೆ ತಿಳಿಯುವುದಿಲ್ಲ. ಮೊದಲ ಸುಳಿವು, ಒಂದರಲ್ಲಿ ಬರೆದ ಫೈಲ್ ಇನ್ನೊಂದರಲ್ಲಿ ಕಾಣದಿರುವುದು. ಆಮೇಲೆ `Structure needs cleaning` ಎಂಬ ದೋಷ ಬರಬಹುದು. ಅಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ.

ಹಲವು ಸರ್ವರುಗಳು ಒಂದೇ ಫೋಲ್ಡರಿನಲ್ಲಿ ಫೈಲುಗಳನ್ನು ತಿದ್ದಬೇಕಿದ್ದರೆ ನೆಟ್‌ವರ್ಕಿನ ಮೂಲಕ ಫೋಲ್ಡರ್ ಹಂಚುವ ಎನ್‌ಎಫ್‌ಎಸ್‌ನಂಥ ಫೈಲ್ ಸ್ಟೋರೇಜ್ ಬೇಕು. ಲೆಕ್ಕ ಮತ್ತು ಲಾಕ್ ಎರಡನ್ನೂ ಫೈಲ್ ಸರ್ವರೇ ನೋಡಿಕೊಳ್ಳುತ್ತದೆ. ಇದರ ಕಷ್ಟವೆಂದರೆ ಸಣ್ಣ ಫೈಲುಗಳ ರಾಶಿ. ಫೈಲ್ ತೆರೆಯಲು, ಅನುಮತಿ ಪರಿಶೀಲಿಸಲು ನೆಟ್‌ವರ್ಕಿನಲ್ಲಿ ಹೋಗಿಬರಬೇಕು. ಒಂದು ಓಡಾಟಕ್ಕೆ 1 ಮಿಲಿಸೆಕೆಂಡ್ ಹಿಡಿದರೂ, ಫೈಲಿಗೊಂದರಂತೆ ಒಂದಾದ ಮೇಲೊಂದು ಲಕ್ಷ ಓಡಾಟಗಳಿಗೆ 100 ಸೆಕೆಂಡು. ದೊಡ್ಡ ಫೈಲಿನ ನಕಲು ವೇಗವಾಗಿದ್ದು ಫೈಲುಗಳ ಪಟ್ಟಿ ತೋರಿಸುವ `ls -l` ಮಾತ್ರ ತಡವರಿಸಿದರೆ ಕಾರಣ ಇದೇ ಇರಬಹುದು.

ಬಳಕೆದಾರರು ಫೋಟೊ ಹಾಕುವ ವೆಬ್‌ಸೈಟಿಗೆ ಎರಡು ವೆಬ್ ಸರ್ವರುಗಳಿವೆ ಎನ್ನೋಣ. ಫೋಟೊ ಒಮ್ಮೆ ಬಂದ ಮೇಲೆ ಬದಲಾಗದು, ಓದು ಮಾತ್ರ. ಅದು ಆಬ್ಜೆಕ್ಟ್ ಸ್ಟೋರೇಜಿಗೆ ಹೋಗಲಿ. ಡೇಟಾಬೇಸ್ ಬ್ಲಾಕಿನಲ್ಲಿರಲಿ, ಅದರಲ್ಲಿ ಫೋಟೊದ ಆಬ್ಜೆಕ್ಟ್ ಹೆಸರನ್ನಷ್ಟೇ ಬರೆಯಿರಿ. ಎರಡೂ ಸರ್ವರುಗಳು ತಿದ್ದುವ ಫೋಲ್ಡರನ್ನು ಬಿಟ್ಟು ಬೇರೆ ದಾರಿಯಿಲ್ಲದ ಹಳೆಯ ಸಾಫ್ಟ್‌ವೇರ್ ಇದ್ದರೆ ಮಾತ್ರ ಫೈಲ್ ಸ್ಟೋರೇಜ್ ಸೇರಿಸಿ. ಅಪ್‌ಲೋಡ್ ಪೂರ್ತಿಯಾದ ಮೇಲೆಯೇ ಹೆಸರು ಡೇಟಾಬೇಸಿಗೆ ಸೇರಲಿ. ಕ್ರಮ ತಿರುಗುಮುರುಗಾದರೆ ಇಲ್ಲದ ಫೋಟೊಗೆ ಲಿಂಕ್ ಉಳಿದುಬಿಡುತ್ತದೆ.