ಒಂದು ಕಣ್ಣು ಮುಚ್ಚಿ ಲೆನ್ಸನ್ನು ಪರೀಕ್ಷಿಸಬೇಡಿ

ಚಾಳೀಸು ಕನ್ನಡಕ ಬೇಡವೆಂದು ಬರುವವರಿಗೆ ನಾವು ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವ ಮೊನೊವಿಷನ್ ಅಥವಾ ಒಂದೇ ಲೆನ್ಸಿನಲ್ಲಿ ಎರಡೂ ಪವರ್ ಇರುವ ಮಲ್ಟಿಫೋಕಲ್ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಕಳುಹಿಸಿದಾಗ, ಅವರಲ್ಲಿ ಬಹುಮಂದಿ ಮನೆ ಸೇರಿದ ಕೂಡಲೇ ಅಂಗೈಯಿಂದ ಒಂದು ಕಣ್ಣನ್ನು ಮುಚ್ಚಿ ಇನ್ನೊಂದರಿಂದ ನೋಡುತ್ತಾರೆ, ಅನಂತರ ಕೈ ಬದಲಿಸುತ್ತಾರೆ. ಮರುದಿನ ‘ಎಡಗಣ್ಣಿನ ಪವರ್ ತಪ್ಪಾಗಿದೆ’ ಎಂದು ಫೋನ್ ಬರುತ್ತದೆ. ಆಪ್ಟೋಮೆಟ್ರಿಸ್ಟ್ ಆಗಿ ನಾನು ಅತಿ ಹೆಚ್ಚು ಸಲ ಹೇಳಬೇಕಾಗಿ ಬಂದಿರುವ ಮಾತೆಂದರೆ ಇದು: ಈ ಲೆನ್ಸುಗಳನ್ನು ಎರಡೂ ಕಣ್ಣು ತೆರೆದೇ ನೋಡಬೇಕು.

ಬ್ಯಾಂಕಿನಲ್ಲಿ ಕೆಲಸ ಮಾಡುವ ನಲವತ್ತಾರು ವರ್ಷದ ಮಹಿಳೆಯೊಬ್ಬರ ಸಂಗತಿಯನ್ನೇ ತೆಗೆದುಕೊಳ್ಳೋಣ. ಕಾಲೇಜಿನ ದಿನಗಳಿಂದಲೂ ಅವರು ಎರಡೂ ಕಣ್ಣಿಗೆ -2.00 ಪವರಿನ ಲೆನ್ಸ್ ಧರಿಸುತ್ತಿದ್ದರು. ದೂರದ ದೃಷ್ಟಿ ಚೆನ್ನಾಗಿಯೇ ಇತ್ತು; ಆದರೆ ಚೆಕ್ಕಿನ ಮೇಲಿನ ಸಣ್ಣ ಅಕ್ಷರ ಓದಲು ಕೈಯನ್ನು ದೂರ ಚಾಚಬೇಕಾಗುತ್ತಿತ್ತು. ಮೊದಲಿಗೆ ಅವರಿಗೆ ದೂರ ನೋಡಲು ಹೇಳಿ, ಎರಡೂ ಕಣ್ಣು ತೆರೆದಿರುವಂತೆಯೇ, ದೂರವನ್ನು ಮಸುಕಾಗಿಸುವ +1.50 ಗಾಜನ್ನು ಬಲಗಣ್ಣಿನ ಮುಂದೆ, ಆಮೇಲೆ ಎಡಗಣ್ಣಿನ ಮುಂದೆ ಹಿಡಿದೆ. ಬಲಗಣ್ಣಿನ ಮುಂದೆ ಹಿಡಿದಾಗ ಅವರಿಗೆ ಹೆಚ್ಚು ಕಿರಿಕಿರಿಯಾಯಿತು. ಮಸುಕನ್ನು ಸಹಿಸದ ಆ ಕಣ್ಣನ್ನು ದೂರಕ್ಕೆ ಬಿಡಬೇಕು. ಹಾಗಾಗಿ ಬಲಕ್ಕೆ -2.00 ಅನ್ನೇ ಉಳಿಸಿ, ಎಡಕ್ಕೆ -0.75 ಹಾಕಿದೆವು.

ಈ 1.25ರ ಅಂತರ ಲೆಕ್ಕ ತಪ್ಪಿ ಉಳಿದದ್ದಲ್ಲ, ಬೇಕೆಂದೇ ಬಿಟ್ಟದ್ದು. ಅದರಿಂದ ಎಡಗಣ್ಣು ಶ್ರಮವಿಲ್ಲದೆ ಸುಮಾರು 80 ಸೆಂಟಿಮೀಟರ್ ದೂರಕ್ಕೆ ಸ್ಪಷ್ಟವಾಗಿ ನೋಡುತ್ತದೆ. ಪುಸ್ತಕ ಹಿಡಿಯುವ 40 ಸೆಂಟಿಮೀಟರಿಗೆ 2.50 ಪವರ್ ಬೇಕು, ಅದರಲ್ಲಿ ಅರ್ಧವನ್ನು ಲೆನ್ಸ್ ಒದಗಿಸಿದರೆ, ಉಳಿದರ್ಧವನ್ನು ಆ ವಯಸ್ಸಿನ ಕಣ್ಣು ಸಾಮಾನ್ಯವಾಗಿ ತಾನೇ ಹೊಂದಿಸಿಕೊಳ್ಳುತ್ತದೆ. ದೂರ ನೋಡುವಾಗ ಮೆದುಳು ಎಡಗಣ್ಣಿನ ಮಸುಕು ಚಿತ್ರವನ್ನು ಹಿಂದಕ್ಕೆ ಸರಿಸಿ ಬಲಗಣ್ಣಿನದನ್ನು ಮುಂದಿಟ್ಟುಕೊಳ್ಳುತ್ತದೆ, ಓದುವಾಗ ಇದಕ್ಕೆ ವಿರುದ್ಧವಾಗಿ. ಈ ಕೆಲಸ ನಡೆಯಬೇಕಾದರೆ ಎರಡೂ ಚಿತ್ರಗಳು ಮೆದುಳಿಗೆ ಒಟ್ಟಿಗೆ ತಲುಪುತ್ತಿರಬೇಕು. ಬಲಗಣ್ಣನ್ನು ಮುಚ್ಚಿದೊಡನೆ ಮಸುಕು ಚಿತ್ರವೊಂದೇ ಉಳಿಯುತ್ತದೆ. ಆಗ ಕಾಣುವುದು ಲೆನ್ಸಿನ ದೋಷವಲ್ಲ, ಮುಚ್ಚಿದ ಕೈಯ ಪರಿಣಾಮ.

ಆಕೆ ಮೂರನೆಯ ದಿನವೇ ಹೀಗೆ ಮುಚ್ಚಿ ನೋಡಿ, ಹೆದರಿ, ಹತ್ತಿರದ ಕನ್ನಡಕದಂಗಡಿಯಲ್ಲಿ ಎಡಗಣ್ಣಿಗೆ ಮತ್ತೆ -2.00 ಹಾಕಿಸಿಕೊಂಡರು. ಗೋಡೆಯ ಅಕ್ಷರಗಳೇನೋ ಎರಡೂ ಕಣ್ಣಿಗೆ ಒಂದೇ ಸಮ ಕಂಡವು, ಓದು ಮಾತ್ರ ಹೋಯಿತು. ತಿರುಗಿ ಬಂದಾಗ ನಾನು ಪವರ್ ಬದಲಿಸದೆ ಮೊದಲಿನ ಜೋಡಿಯನ್ನೇ ಹಾಕಿ, ಬೀದಿಯಲ್ಲಿ ನಡೆದು, ಅಂಗಡಿಗಳ ಬೋರ್ಡು ನೋಡಿ, ಮಾತ್ರೆಯ ಹಾಳೆಯ ಮೇಲಿನ ತಾರೀಖು ಓದಿ ಬನ್ನಿ ಎಂದು ಕಳುಹಿಸಿದೆ. ಎರಡು ವಾರದ ಹೊತ್ತಿಗೆ ಅವರು ಹೊಂದಿಕೊಂಡಿದ್ದರು. ಎಲ್ಲರೂ ಹೊಂದಿಕೊಳ್ಳುವುದಿಲ್ಲ, ಅಷ್ಟು ದಿನ ಬಿಡದೆ ಧರಿಸಿದ ಮೇಲೂ ಎರಡೂ ಕಣ್ಣು ತೆರೆದಾಗಲೇ ತಲೆ ತೇಲಿದಂತಾಗುತ್ತಿದ್ದರೆ ಅಥವಾ ಮೆಟ್ಟಿಲ ಅಂದಾಜು ತಪ್ಪುತ್ತಿದ್ದರೆ, ಅದು ನಿಜವಾದ ದೂರು. ಅದನ್ನು ನಾವು ಕೇಳಲೇಬೇಕು.

ಮಲ್ಟಿಫೋಕಲ್ ಲೆನ್ಸಿಗೂ ಇದೇ ಮಾತು ಅನ್ವಯಿಸುತ್ತದೆ, ಕಾರಣ ಮಾತ್ರ ಬೇರೆ. ಪ್ರೊಗ್ರೆಸಿವ್ ಕನ್ನಡಕದಲ್ಲಿ ಕಣ್ಣು ಕೆಳಗಿಳಿಸಿ ಓದುವಂತೆ ಇಲ್ಲಿ ಮೇಲು ಕೆಳಗು ಇರುವುದಿಲ್ಲ. ಇಂಥ ಮೃದು ಲೆನ್ಸುಗಳಲ್ಲಿ ಸಾಮಾನ್ಯವಾಗಿ ನಡುವೆ ಹತ್ತಿರದ ಪವರ್ ಇದ್ದು, ಹೊರಕ್ಕೆ ಹೋದಂತೆ ಅದು ದೂರದ್ದಾಗುತ್ತದೆ. ಎರಡು ಪವರಿನ ಬೆಳಕೂ ಒಂದೇ ಪಾಪೆಯ ಮೂಲಕ ಒಟ್ಟಿಗೆ ಒಳಹೋಗುವುದರಿಂದ ಅಕ್ಷರದ ಸುತ್ತ ತೆಳುವಾದ ನೆರಳು ಕಾಣಬಹುದು. ಮಬ್ಬು ಬೆಳಕಿನ ಹೋಟೆಲಿನಲ್ಲಿ ಪಾಪೆ ಹಿಗ್ಗಿ ಹೊರಭಾಗದ ಪಾಲು ಹೆಚ್ಚುವುದರಿಂದ ಮೆನು ಓದುವುದು ಕಷ್ಟವಾಗುತ್ತದೆ. ಮೇಜಿನ ದೀಪ ಹಾಕಿದರೆ ಅದೇ ಲೆನ್ಸಿನಲ್ಲಿ ಓದಲು ಬರುತ್ತದೆ. ಅನೇಕರಿಗೆ ನಾವು ಒಂದು ಕಣ್ಣನ್ನು ದೂರದ ಕಡೆಗೆ, ಇನ್ನೊಂದನ್ನು ಹತ್ತಿರದ ಕಡೆಗೆ ಸ್ವಲ್ಪ ವಾಲಿಸಿರುತ್ತೇವೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಅರೆಬರೆಯೆನಿಸುತ್ತವೆ. ಅದಕ್ಕಾಗಿಯೇ 0.25ರಷ್ಟು ಸಣ್ಣ ತಿದ್ದುಪಡಿಯನ್ನೂ ಎರಡೂ ಕಣ್ಣು ತೆರೆಸಿಯೇ ಮಾಡುತ್ತೇವೆ.

ಐವತ್ತೈದರ ಸುಮಾರಿಗೆ ಕಣ್ಣಿನ ಸ್ವಂತ ಶಕ್ತಿ ಕುಗ್ಗಿ, ಓದಲು 2.00ಕ್ಕಿಂತ ಹೆಚ್ಚಿನ ಅಂತರ ಬೇಕಾದಾಗ ಮೊನೊವಿಷನ್ ಅನೇಕರಿಗೆ ಒಗ್ಗುವುದಿಲ್ಲ. ಆಳದ ಅಂದಾಜು ಕುಂದುತ್ತದೆ, ಕಂಪ್ಯೂಟರಿನ ದೂರ ಎರಡು ಕಣ್ಣಿಗೂ ಸಿಗದೆ ಹೋಗುತ್ತದೆ. ಅಂಥವರಿಗೆ ನಾನು ಮಲ್ಟಿಫೋಕಲ್ ಹಾಕಿ ನೋಡಲು ಹೇಳುತ್ತೇನೆ. ಒಂದು ಕಣ್ಣು ಚಿಕ್ಕಂದಿನಿಂದಲೇ ದುರ್ಬಲವಾಗಿರುವವರಿಗೆ ಮೊನೊವಿಷನ್ ಮಾಡುವುದಿಲ್ಲ.

ರಾತ್ರಿ ಗಾಡಿ ಓಡಿಸುವವರು ಹೊಂದಿಕೊಳ್ಳುವವರೆಗೆ ಹೊಸ ಲೆನ್ಸಿನಲ್ಲಿ ಓಡಿಸಬಾರದು. ಆಮೇಲೂ ಎದುರಿನ ದೀಪಗಳು ಹರಡಿದಂತೆ ಕಂಡರೆ ಲೆನ್ಸಿನ ಮೇಲೆ ಧರಿಸಲು ಒಂದು ಕನ್ನಡಕ ಮಾಡಿಸಿಕೊಳ್ಳಬಹುದು. ಬ್ಯಾಂಕಿನ ಆ ಮಹಿಳೆಗೆ ಮಾಡಿಸಿದ ಕನ್ನಡಕದಲ್ಲಿ ಬಲಕ್ಕೆ ಬರೀ ಗಾಜು, ಎಡಕ್ಕೆ -1.25. ಅದು ಅವರ ಕಾರಿನಲ್ಲೇ ಇರುತ್ತದೆ.